‘ಒಹಲಾ’ ಅಂದ್ರೆ ‘ಇನ್ಶಾ ಅಲ್ಲಾ’ ಅಲ್ಲ!

ಸ್ಪ್ಯಾನಿಷ್ ಕಲಿಯೋಕೆ ಶುರು ಮಾಡಿದ ಯಾರನ್ನೇ ಕೇಳಿ, ಮೊದಲ ಕೆಲವು ತಿಂಗಳಲ್ಲಿ ಅವರಿಗೆ ಇಷ್ಟವಾಗುವ ಪದಗಳಲ್ಲಿ ‘ಒಹಲಾ’ ಇದ್ದೇ ಇರುತ್ತೆ. ಹೇಳೋಕೆ ಸುಲಭ, ಕೇಳೋಕೆ ಇಂಪು. ಕೊನೆಯ ‘ಲಾ’ ಮೇಲೆ ಒತ್ತು, ನಡುವಿನ ‘ಹ’ ಸ್ವಲ್ಪ ಗಂಟಲಿನಿಂದ, ಉರ್ದು ಬಲ್ಲವರು ‘ಖಬರ್’ ಅನ್ನುವಾಗ ಬರುವ ‘ಖ’ದ ಹಾಗೆ. ‘ಹಾಗಾಗಲಿ’, ‘ಹಾಗಾದ್ರೆ ಎಷ್ಟು ಚೆನ್ನ’, ‘ಹಾಗಾಗಿದ್ದಿದ್ರೆ!’ ಈ ಮೂರೂ ಅರ್ಥ ಅದೊಂದರಲ್ಲೇ ಇದೆ.

ಈ ಪದದ ಜೊತೆ ಒಂದು ಕಥೆಯೂ ಬರುತ್ತೆ. “ಗೊತ್ತಾ, ಒಹಲಾ ಅಂದ್ರೆ ಅರಬಿಯ ‘ಇನ್ಶಾ ಅಲ್ಲಾ’ನೇ. ಬಾಯಿಂದ ಬಾಯಿಗೆ ಹೋಗಿ ಹಾಗಾಯ್ತು” ಅಂತ. ನನಗೂ ಕ್ಲಾಸಿನಲ್ಲಿ ಮೊದಲು ಹೀಗೇ ಹೇಳಿದ್ದು. ಈ ಕಥೆಯಲ್ಲಿ ಅರ್ಧ ನಿಜ ಇದೆ. ಪದ ಅರಬಿಯಿಂದ ಬಂದದ್ದು ಹೌದು, ಅದರೊಳಗೆ ‘ಅಲ್ಲಾ’ ಇರೋದೂ ಹೌದು. ಆದರೆ ಅದು ‘ಇನ್ಶಾ ಅಲ್ಲಾ’ ಅಲ್ಲ. ತಪ್ಪಿರೋದು ಮೊದಲಿನ ಒಂದು ಪುಟ್ಟ ಪದದಲ್ಲಿ ಮಾತ್ರ. ಆ ಪುಟ್ಟ ಪದ ಸರಿ ಮಾಡಿಕೊಂಡರೆ ‘ಒಹಲಾ’ದ ಇಡೀ ಸ್ವಭಾವ, ಅದರ ವ್ಯಾಕರಣದ ಸಮೇತ, ತಾನಾಗೇ ಬಿಚ್ಚಿಕೊಳ್ಳುತ್ತೆ.

ಅರಬಿಯಲ್ಲಿ ಎರಡು ‘ರೆ’

ಕನ್ನಡದಲ್ಲಿ ಷರತ್ತು ಹೇಳೋಕೆ ನಮಗಿರೋದು ‘ರೆ’. ಬಂದರೆ, ಸಿಕ್ಕರೆ, ಆದರೆ. ಕೋಡ್ ಬರೆಯುವವರಿಗೆ ಅದೇ ‘ಇಫ್’, ಎಲ್ಲಾ ಷರತ್ತಿಗೂ ಒಂದೇ. ಅರಬಿಯಲ್ಲಿ ಹಾಗಲ್ಲ. ಅಲ್ಲಿ ‘ರೆ’ಗೆ ಒಂದಕ್ಕಿಂತ ಹೆಚ್ಚು ಪದಗಳಿವೆ. ನಮಗೆ ಬೇಕಾದವು ಎರಡು: ‘ಇನ್’ ಮತ್ತು ‘ಲೌ’.

‘ಇನ್’ ಹಾಕಿದರೆ ಬಾಗಿಲು ತೆರೆದೇ ಇದೆ ಅಂತ ಅರ್ಥ. ‘ಇನ್ ಜಾಅ’ ಅಂದರೆ ‘ಅವನು ಬಂದರೆ’. ಬರಬಹುದು, ಬರದೇ ಇರಬಹುದು, ಇನ್ನೂ ಗೊತ್ತಿಲ್ಲ. ಅದೇ ಕ್ರಿಯಾಪದಕ್ಕೆ ‘ಲೌ’ ಹಾಕಿ ‘ಲೌ ಜಾಅ’ ಅಂದರೆ ಕೇಳುವವರಿಗೆ ತಿಳಿಯೋದು ‘ಅವನು ಬಂದಿದ್ದಿದ್ದರೆ’ ಅಂತ. ಅಂದರೆ ಬಂದಿಲ್ಲ, ಅಥವಾ ಬರುವ ಲಕ್ಷಣವಿಲ್ಲ. ‘ಲೌ’ ಇರುವ ಕಡೆ ಮಾತಾಡುವವರು ನಿಜಕ್ಕೆ ಎದುರಾಗಿ ನಿಂತು ಕಲ್ಪಿಸಿಕೊಳ್ಳುತ್ತಿದ್ದಾರೆ.

ಈಗ ಇವೆರಡಕ್ಕೂ ‘ಶಾಅ ಅಲ್ಲಾ’, ಅಂದರೆ ‘ದೇವರು ಇಚ್ಛಿಸು’ ಅನ್ನೋದನ್ನ ಸೇರಿಸಿ ನೋಡಿ. ‘ಇನ್ ಶಾಅ ಅಲ್ಲಾ’ ಅಂದರೆ ‘ದೇವರು ಮನಸ್ಸು ಮಾಡಿದರೆ’. ‘ನಾಳೆ ಬರ್ತೀನಿ, ದೇವರ ದಯೆ ಇದ್ರೆ’ ಅನ್ನುವಾಗಿನ ಮಾತು ಅದು. ಒಂದು ಯೋಜನೆ ಇದೆ, ಅದಕ್ಕೆ ಒಂದು ವಿನಯದ ಬಾಲ. ‘ಲೌ ಶಾಅ ಅಲ್ಲಾ’ ಅಂದರೆ ‘ದೇವರು ಮನಸ್ಸು ಮಾಡಿದ್ದಿದ್ದರೆ’. ಇಲ್ಲಿ ಯೋಜನೆ ಇಲ್ಲ. ಆಸೆ ಇದೆ, ಮತ್ತು ಆಸೆ ಕೈಗೆ ಸಿಗದೇ ಹೋಗಬಹುದು ಅನ್ನೋ ಅರಿವೂ ಇದೆ.

‘ಒಹಲಾ’ ಹುಟ್ಟಿದ್ದು ಈ ಎರಡನೆಯದರಿಂದ. ಸ್ಪೇನಿನಲ್ಲಿ ಆಡುತ್ತಿದ್ದ ಅರಬಿಯಲ್ಲಿ ಅದರ ರೂಪ ‘ಲೌ ಶಾ ಲ್ಲಾ’. ಸ್ಪ್ಯಾನಿಷ್ ಭಾಷೆಯ ಅಧಿಕೃತ ನಿಘಂಟು ಹೊರತರುವ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯೂ ಈ ಮೂಲವನ್ನೇ ಕೊಡುತ್ತೆ. ಸ್ಪ್ಯಾನಿಷ್‌ಗೆ ಬಂದ ಅರಬಿ ಪದಗಳ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಫೆಡೆರಿಕೊ ಕೊರ್ರಿಯೆಂತೆ ಹೇಳುವುದೂ ಇದನ್ನೇ. ಇನ್ನೊಬ್ಬ ದೊಡ್ಡ ವ್ಯುತ್ಪತ್ತಿ ಪಂಡಿತ ಜುವಾನ್ ಕೊರೊಮಿನಾಸ್ ‘ವ ಶಾ ಅಲ್ಲಾ’, ಅಂದರೆ ‘ದೇವರು ಹಾಗೇ ಇಚ್ಛಿಸಲಿ’ ಅನ್ನುವುದರಿಂದ ಬಂತು ಅಂದಿದ್ದರು. ಇಬ್ಬರಿಗೂ ಭಿನ್ನಾಭಿಪ್ರಾಯ ಇದ್ದರೂ ಒಂದು ವಿಷಯದಲ್ಲಿ ಇಲ್ಲ: ಯಾರ ಲೆಕ್ಕದಲ್ಲೂ ‘ಇನ್’ ಇಲ್ಲ.

ಸದ್ದು ಹೇಳುವ ಸಾಕ್ಷಿ

ಯಾಕೆ ‘ಇನ್’ ಇರೋಕೆ ಸಾಧ್ಯವಿಲ್ಲ? ಸುಮ್ಮನೆ ಸದ್ದನ್ನ ಹಿಂಬಾಲಿಸಿ ಹೋದರೆ ಗೊತ್ತಾಗುತ್ತೆ.

‘ಇನ್ಶಾಲ್ಲಾ’ ಅನ್ನೋದು ಸವೆದಿದ್ದರೆ ಶುರುವಿನಲ್ಲಿ ‘ಇ’ ಅಥವಾ ‘ನ್’ನ ಒಂದು ಗುರುತಾದರೂ ಉಳಿಯಬೇಕಿತ್ತು. ‘ಇನ್’ ಹೋಗಿ ಅದರ ಜಾಗಕ್ಕೆ ‘ಒ’ ಬರೋಕೆ ಯಾವ ದಾರಿಯೂ ಕಾಣಲ್ಲ. ಅದೇ ‘ಲೌ’ನಿಂದ ಹೊರಟರೆ ದಾರಿ ನೇರ. ‘ಅವು’ ಅನ್ನೋ ಸದ್ದು ‘ಒ’ ಆಗೋದು ಸ್ಪ್ಯಾನಿಷ್‌ಗೆ ಹಳೇ ಅಭ್ಯಾಸ. ಲ್ಯಾಟಿನ್ನಿನ ‘ಔರುಮ್’, ಅಂದರೆ ಚಿನ್ನ, ಸ್ಪ್ಯಾನಿಷ್‌ನಲ್ಲಿ ‘ಓರೊ’ ಆಗಿದೆ. ‘ಕೌಸಾ’ ಅನ್ನೋದು ‘ಕೋಸಾ’ ಆಗಿದೆ. ‘ಲೌ’ ಕೂಡ ಹಾಗೇ ‘ಲೊ’ ಆಯ್ತು.

ಇನ್ನು ಶುರುವಿನ ‘ಲ’ ಎಲ್ಲಿ ಹೋಯ್ತು? ಇಂಥದ್ದೇ ಗತಿ ಕಂಡ ಇನ್ನೊಂದು ಪದ ಇದೆ. ನೀಲಿ ಕಲ್ಲಿಗೆ ಪರ್ಷಿಯನ್ ಮತ್ತು ಅರಬಿಯಲ್ಲಿ ‘ಲಾಜವರ್ದ್’ ಅಂತಾರೆ. ಸ್ಪ್ಯಾನಿಷ್‌ನಲ್ಲಿ ನೀಲಿ ಬಣ್ಣಕ್ಕೆ ‘ಅಸುಲ್’. ಅಲ್ಲೂ ಮುಂದಿನ ‘ಲ’ ಉದುರಿಹೋಗಿದೆ. ‘ಲೌ ಶಾ ಲ್ಲಾ’ದಲ್ಲಂತೂ ಮುಂದೆ ಇನ್ನೊಂದು ದಪ್ಪ ‘ಲ್ಲ’ ಕಾದು ಕೂತಿದೆ. ಎರಡು ‘ಲ’ಗಳಲ್ಲಿ ಮೊದಲನೆಯದು ಸವೆದು ‘ಒಶಾಲಾ’ ಉಳಿಯಿತು.

ಹಳೆಯ ಸ್ಪ್ಯಾನಿಷ್‌ನಲ್ಲಿ ಈ ಪದವನ್ನ ಹೇಳುತ್ತಿದ್ದದ್ದೇ ಹಾಗೆ: ‘ಒಶಲಾ’. ಬರೆಯುವಾಗ ನಡುವೆ ‘ಎಕ್ಸ್’ ಅಕ್ಷರ. ಆಗ ‘ಎಕ್ಸ್’ಗೆ ‘ಶ’ ಅನ್ನೋ ಉಚ್ಚಾರ ಇತ್ತು. 16 ಮತ್ತು 17ನೇ ಶತಮಾನಗಳಲ್ಲಿ ಆ ‘ಶ’ ಬಾಯಲ್ಲಿ ಹಿಂದಕ್ಕೆ ಸರಿದು, ಈಗಿನ ಗಂಟಲಿನ ‘ಹ’ ಆಯ್ತು. ಬರಹ ಮಾತ್ರ ಹಾಗೇ ಇತ್ತು. 1815ರಲ್ಲಿ ಅಕಾಡೆಮಿ ಕಾಗುಣಿತ ತಿದ್ದಿ, ಈ ಸದ್ದಿಗೆ ‘ಎಕ್ಸ್’ ಬದಲು ‘ಜೆ’ ಬರೆಯಬೇಕು ಅಂತ ಮಾಡಿತು. ‘ಡಾನ್ ಕ್ವಿಕ್ಸೋಟ್’ ಅಂತ ಇಂಗ್ಲಿಷಿನವರು ಓದುವ ಹೆಸರು ಸ್ಪ್ಯಾನಿಷ್‌ನಲ್ಲಿ ಈಗ ‘ಕಿಹೋತೆ’ ಆಗಿರೋದು ಇದೇ ಕಾರಣಕ್ಕೆ.

ಹಳೆಯ ‘ಶ’ ಹೇಗಿತ್ತು ಅಂತ ನೋಡಬೇಕಾ? ವೈನ್ ಅಂಗಡಿಯ ‘ಶೆರ್ರಿ’ ಬಾಟಲಿ ನೋಡಿ. ಅದು ದಕ್ಷಿಣ ಸ್ಪೇನಿನ ಹೆರೆಸ್ ಅನ್ನೋ ಊರಿನ ಮದ್ಯ. ಆ ಊರಿನ ಹೆಸರನ್ನ ‘ಶೆರೆಸ್’ ಅನ್ನುತ್ತಿದ್ದ ಕಾಲದಲ್ಲಿ ಇಂಗ್ಲಿಷಿನವರು ಹೆಸರು ಎತ್ತಿಕೊಂಡು ಹೋದರು. ಸ್ಪೇನಿನವರು ‘ಶ’ ಬಿಟ್ಟರು, ಇಂಗ್ಲಿಷಿನವರು ಬಿಡಲಿಲ್ಲ. ಪೋರ್ಚುಗೀಸರೂ ಬಿಡಲಿಲ್ಲ. ಅವರು ಇವತ್ತಿಗೂ ‘ಒಶಲಾ’ ಅಂತಲೇ ಹೇಳುತ್ತಾರೆ, ‘ಎಕ್ಸ್’ ಹಾಕಿಯೇ ಬರೆಯುತ್ತಾರೆ.

ದೇವರ ಹೆಸರು ದಾಟಿದ್ದು ಹೇಗೆ?

ಕ್ರಿಶ್ಚಿಯನ್ ದೇಶವೊಂದರ ನಿತ್ಯದ ಮಾತಿನಲ್ಲಿ ‘ಅಲ್ಲಾ’ ಹೇಗೆ ಬಂದು ಕೂತಿತು ಅಂತ ಆಶ್ಚರ್ಯ ಆಗಬಹುದು. ಮುಸ್ಲಿಂ ಸೇನೆ ಈಗಿನ ಸ್ಪೇನಿಗೆ ಕಾಲಿಟ್ಟದ್ದು 711ರಲ್ಲಿ. ಕೊನೆಯ ಮುಸ್ಲಿಂ ರಾಜ್ಯ ಗ್ರನಾಡಾ ಬಿದ್ದದ್ದು 1492ರಲ್ಲಿ. ನಡುವೆ ಸುಮಾರು ಎಂಟು ಶತಮಾನ. ಈ ಅವಧಿಯಲ್ಲಿ ಅರಬಿ ಅಂದರೆ ಮುಸಲ್ಮಾನರ ಭಾಷೆ ಮಾತ್ರ ಆಗಿರಲಿಲ್ಲ. ಅಲ್ಲಿನ ಯಹೂದಿಗಳೂ, ಅನೇಕ ಕ್ರೈಸ್ತರೂ ಅರಬಿ ಆಡುತ್ತಿದ್ದರು. 1085ರಲ್ಲಿ ತೊಲೆದೊ ನಗರ ಕ್ರೈಸ್ತ ದೊರೆಯ ಕೈಗೆ ಬಂದ ಮೇಲೂ ಅಲ್ಲಿನ ಕ್ರೈಸ್ತರು ಆಸ್ತಿಪತ್ರಗಳನ್ನ 13ನೇ ಶತಮಾನದವರೆಗೂ ಅರಬಿಯಲ್ಲಿ ಬರೆಸುತ್ತಿದ್ದರು. ಅರಬಿ ಆಡುವ ಕ್ರೈಸ್ತರಿಗೆ ‘ಅಲ್ಲಾ’ ಅಂದರೆ ‘ದೇವರು’ ಅನ್ನೋದಕ್ಕೆ ಇರುವ ಪದ ಅಷ್ಟೇ. ಈಗಲೂ ಈಜಿಪ್ಟ್, ಲೆಬನಾನ್‌ನ ಕ್ರೈಸ್ತರು ಪ್ರಾರ್ಥನೆಯಲ್ಲಿ ಅದೇ ಪದ ಬಳಸುತ್ತಾರೆ. ಹಾಗಾಗಿ ಪದ ದಾಟೋಕೆ ಯಾರೂ ಧರ್ಮ ಬದಲಿಸಬೇಕಿರಲಿಲ್ಲ. ಪಕ್ಕದ ಮನೆಯವರ ಮಾತು ನಮ್ಮ ಬಾಯಿಗೆ ಬರುತ್ತಲ್ಲ, ಹಾಗೆ ಬಂತು.

ಆಮೇಲಿನದ್ದು ನೋವಿನ ಕಥೆ. ಗ್ರನಾಡಾ ಬಿದ್ದ ಮೇಲೆ ಅಲ್ಲಿನ ಮುಸಲ್ಮಾನರನ್ನ ಮತಾಂತರಕ್ಕೆ ಒತ್ತಾಯಿಸಲಾಯಿತು. ಹಾಗೆ ಮತಾಂತರವಾದವರಿಗೆ ‘ಮೊರಿಸ್ಕೊ’ಗಳು ಅಂತ ಹೆಸರು. 1567ರಲ್ಲಿ ಎರಡನೇ ಫಿಲಿಪ್ ದೊರೆಯ ಆಜ್ಞೆ ಹೊರಬಿತ್ತು: ಗ್ರನಾಡಾದ ಮೊರಿಸ್ಕೊಗಳು ಅರಬಿ ಮಾತಾಡಬಾರದು, ಬರೆಯಬಾರದು, ತಮ್ಮ ಉಡುಗೆ ತೊಡಬಾರದು. 1609ರಿಂದ 1614ರವರೆಗೆ ಮೊರಿಸ್ಕೊಗಳನ್ನ ದೇಶದಿಂದಲೇ ಹೊರಹಾಕಲಾಯಿತು.

ಭಾಷೆಯನ್ನ ನಿಷೇಧಿಸಿದ್ದಾಯ್ತು, ಆಡುವವರನ್ನ ಹಡಗು ಹತ್ತಿಸಿದ್ದಾಯ್ತು. ಆದರೆ ಹೊರಹಾಕಿದವರು ಹಾರೈಸುವಾಗ ‘ಒಹಲಾ’ ಅನ್ನೋದನ್ನ ನಿಲ್ಲಿಸಲಿಲ್ಲ. ಅಷ್ಟರಲ್ಲಿ ಅದು ಎಷ್ಟು ತಮ್ಮದಾಗಿತ್ತು ಅಂದರೆ, ಒಳಗೆ ಯಾರ ಹೆಸರಿದೆ ಅಂತ ಕಿವಿಗೆ ಬೀಳುತ್ತಲೇ ಇರಲಿಲ್ಲ. ಇವತ್ತಿಗೂ ‘ಒಹಲಾ ದಿಯೋಸ್ ಕಿಯೆರಾ’ ಅನ್ನೋರಿದ್ದಾರೆ. ‘ದಿಯೋಸ್ ಕಿಯೆರಾ’ ಅಂದರೆ ‘ದೇವರು ಇಚ್ಛಿಸಲಿ’. ಒಂದೇ ಉಸಿರಿನಲ್ಲಿ ದೇವರನ್ನ ಎರಡು ಭಾಷೆಯಲ್ಲಿ ಎರಡು ಸಲ ಕರೆದ ಹಾಗಾಯ್ತು. ಹೇಳುವವರಿಗೆ ಅದು ಗೊತ್ತೇ ಆಗಲ್ಲ. ದೇವರನ್ನ ನಂಬದವರೂ ಈ ಪದವನ್ನ ಹಿಂಜರಿಕೆ ಇಲ್ಲದೆ ಬಳಸುತ್ತಾರೆ.

ವೀಸಾ ಸಿಗಲಿ, ಸಿಕ್ಕಿರಲಿ, ಸಿಕ್ಕಿದ್ದಿದ್ರೆ...

‘ಲೌ’ ತಂದುಕೊಟ್ಟ ಗುಣ ‘ಒಹಲಾ’ದ ವ್ಯಾಕರಣದಲ್ಲಿ ಇನ್ನೂ ಜೀವಂತವಾಗಿದೆ. ‘ಒಹಲಾ’ದ ಮುಂದೆ ಸಾಮಾನ್ಯ ಕ್ರಿಯಾಪದ ಬರುವ ಹಾಗೇ ಇಲ್ಲ. ‘ವೀಸಾ ಕೊಡ್ತಾರೆ’ ಅನ್ನುವಾಗಿನ ರೂಪ ಅಲ್ಲಿ ತಪ್ಪು. ನಿಜ ಸಂಗತಿ ಹೇಳೋಕೆ ಒಂದು ರೂಪ, ಆಸೆ, ಅನುಮಾನ, ಕಲ್ಪನೆಗೆ ಇನ್ನೊಂದು ರೂಪ ಸ್ಪ್ಯಾನಿಷ್‌ನಲ್ಲಿದೆ. ‘ಒಹಲಾ’ಗೆ ಬೇಕಾದ್ದು ಈ ಎರಡನೆಯದು. ಕನ್ನಡದವರಿಗೆ ಇದು ಕಷ್ಟವಲ್ಲ. ಹೈಸ್ಕೂಲಿನಲ್ಲಿ ‘ವಿಧ್ಯರ್ಥಕ’ ಅಂತ ಓದಿದ್ದು ನೆನಪಿದೆಯಾ? ‘ಆಗಲಿ, ಬರಲಿ, ಸಿಗಲಿ’ ಅನ್ನೋ ರೂಪ. ಅದೇ ಜಾತಿಯದು ಇದು. ಇಂಗ್ಲಿಷ್‌ನಿಂದ ಬರೋರು ಇಲ್ಲಿ ಒದ್ದಾಡುತ್ತಾರೆ, ನಮಗೆ ನಾಲಿಗೆ ಮೇಲೇ ಇದೆ.

ಒಂದು ಉದಾಹರಣೆ ಹಿಡಿದು ಕೊನೆವರೆಗೂ ಹೋಗೋಣ. ಸ್ಪ್ಯಾನಿಷ್ ಮಾತಾಡುವ ಮನೆಯೊಂದರಲ್ಲಿ ತಮ್ಮ ವೀಸಾಗೆ ಅರ್ಜಿ ಹಾಕಿದ್ದಾನೆ. ಇಂಟರ್ವ್ಯೂ ನಾಳೆ. ಅಕ್ಕ ಅನ್ನುತ್ತಾಳೆ, ‘ಒಹಲಾ ಲೆ ದೆನ್ ಲಾ ವೀಸಾ’. ಅಂದರೆ ‘ಅವನಿಗೆ ವೀಸಾ ಸಿಗಲಿ’. ಬಾಗಿಲು ಪೂರ್ತಿ ತೆರೆದಿದೆ.

ಮರುದಿನ ಮಧ್ಯಾಹ್ನ. ಇಂಟರ್ವ್ಯೂ ಮುಗಿದಿರಬೇಕು, ಫೋನ್ ಇನ್ನೂ ಬಂದಿಲ್ಲ. ಈಗ ಅಕ್ಕನ ಮಾತು ‘ಒಹಲಾ ಲೆ ಆಯನ್ ದಾದೊ ಲಾ ವೀಸಾ’. ‘ಸಿಕ್ಕಿರಲಿ’. ಆಗಬೇಕಾದ್ದು ಆಗಿಹೋಗಿದೆ, ಫಲಿತಾಂಶ ನಮಗೆ ತಿಳಿದಿಲ್ಲ ಅಷ್ಟೇ. ಕನ್ನಡದಲ್ಲಿ ‘ಸಿಗಲಿ’ಗೂ ‘ಸಿಕ್ಕಿರಲಿ’ಗೂ ಇರುವ ಅಂತರ ಏನಿದೆಯೋ ಅಲ್ಲೂ ಅದೇ.

ಕಥೆ ಬೇರೆ ಥರ ಇತ್ತು ಅಂದುಕೊಳ್ಳಿ. ಅವನ ಕಾಗದಪತ್ರ ಸರಿಯಿಲ್ಲ, ಸಿಗೋದು ಅನುಮಾನ ಅಂತ ಮನೆಯವರಿಗೆಲ್ಲ ಗೊತ್ತು. ಆಗ ‘ಒಹಲಾ ಲೆ ದಿಯೆರಾನ್ ಲಾ ವೀಸಾ’. ‘ಸಿಗೋ ಹಾಗಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು’. ಆಸೆ ಇನ್ನೂ ಸತ್ತಿಲ್ಲ, ಆದರೆ ನಂಬಿಕೆ ಸೋತಿದೆ.

ಕೊನೆಗೆ ಅರ್ಜಿ ತಿರಸ್ಕಾರವಾಗಿ ತಿಂಗಳಾಗಿದೆ. ‘ಒಹಲಾ ಲೆ ಉಬಿಯೆರಾನ್ ದಾದೊ ಲಾ ವೀಸಾ’. ‘ಸಿಕ್ಕಿದ್ದಿದ್ರೆ!’ ಬಾಗಿಲು ಮುಚ್ಚಿದೆ. ಉಳಿದಿರೋದು ಹಳಹಳಿಕೆ.

ನಾಲ್ಕೂ ಕಡೆ ಮೊದಲ ಪದ ಒಂದೇ. ಇಂಗ್ಲಿಷಿನವರು ಮೊದಲೆರಡಕ್ಕೆ ‘ಹೋಪ್’, ಕೊನೆಯೆರಡಕ್ಕೆ ‘ವಿಶ್’ ಅಂತ ಕ್ರಿಯಾಪದವನ್ನೇ ಬದಲಿಸಬೇಕು. ಸ್ಪ್ಯಾನಿಷ್‌ನಲ್ಲಿ ಭರವಸೆಗೂ ಹಳಹಳಿಕೆಗೂ ಒಂದೇ ಪದ. ಎಷ್ಟು ದೂರ ಅನ್ನೋದನ್ನ ಹೇಳೋದು ಹಿಂದೆ ಬರುವ ಕ್ರಿಯಾಪದ. ‘ದೇವರು ಇಚ್ಛಿಸಿದರೆ’ ಅನ್ನೋ ತೆರೆದ ಷರತ್ತಿನಿಂದ ಮಾತ್ರ ಹುಟ್ಟಿದ್ದರೆ ಮುಚ್ಚಿದ ಬಾಗಿಲಿನ ಮುಂದೆ ನಿಂತು ಅದನ್ನ ಹೇಳೋಕೆ ಆಗುತ್ತಿತ್ತಾ? ಇನ್ಶಾ ಅಲ್ಲಾ ಹೇಳುವ ಯಾರೂ ಮುಗಿದುಹೋದ ವಿಷಯಕ್ಕೆ ಅದನ್ನ ಹಾಗೆ ಬಳಸುವುದಿಲ್ಲ. ಅಂಥ ಕಡೆ ಈಜಿಪ್ಟ್, ಲೆಬನಾನ್ ಕಡೆಯ ಆಡುಮಾತಿನಲ್ಲಿ ‘ಯಾ ರೇತ್’ ಅನ್ನೋ ಬೇರೆಯೇ ಪದ ಇದೆ.

ಗೆರೆ ಎಳೆಯೋದು ಮನಸ್ಸು

‘ದೆನ್’ ಯಾವಾಗ, ‘ದಿಯೆರಾನ್’ ಯಾವಾಗ ಅನ್ನೋದಕ್ಕೆ ಗಣಿತದ ಹಾಗೆ ಸೂತ್ರ ಇಲ್ಲ. ಅದು ಸಂಗತಿಯ ಮೇಲೆ ನಿಂತಿಲ್ಲ, ಹೇಳುವವರ ಮನಸ್ಸಿನ ಮೇಲೆ ನಿಂತಿದೆ. ಪ್ರತಿ ಡಿಸೆಂಬರ್ 22ಕ್ಕೆ ಸ್ಪೇನಿನಲ್ಲಿ ಕ್ರಿಸ್ಮಸ್ ಲಾಟರಿ ಡ್ರಾ ನಡೆಯುತ್ತೆ. ಜೇಬಿನಲ್ಲಿ ಟಿಕೆಟ್ ಇಟ್ಟುಕೊಂಡು ಟಿವಿ ಮುಂದೆ ಕೂತವರು ‘ಒಹಲಾ ಮೆ ತೋಕೆ’ ಅನ್ನಬಹುದು: ‘ನನಗೇ ಹೊಡೀಲಿ’. ಟಿಕೆಟ್ಟೇ ತಗೊಳ್ಳದವರು ನಿಟ್ಟುಸಿರು ಬಿಟ್ಟು ‘ಒಹಲಾ ಮೆ ತೊಕಾರಾ’ ಅಂತಾರೆ: ‘ನನಗೆ ಹೊಡೆದಿದ್ದಿದ್ರೆ’. ಆದರೆ ಟಿಕೆಟ್ ಇದ್ದೂ ‘ತೊಕಾರಾ’ ಅನ್ನೋ ನಿರಾಶಾವಾದಿಗಳಿರುತ್ತಾರೆ. ಅದೂ ತಪ್ಪಲ್ಲ. ಅವರು ತಮ್ಮ ನಂಬಿಕೆಯ ಅಳತೆ ಹೇಳುತ್ತಿದ್ದಾರೆ.

ಉಲ್ಟಾ ದಿಕ್ಕಿನ ಉದಾಹರಣೆಯೂ ಇದೆ. ಡೊಮಿನಿಕನ್ ರಿಪಬ್ಲಿಕ್‌ನ ಗಾಯಕ ಹುವಾನ್ ಲೂಯಿಸ್ ಗೆರ್ರಾ ಅವರ 1989ರ ಪ್ರಸಿದ್ಧ ಹಾಡಿನ ಹೆಸರಿನಲ್ಲಿ ಕಾಫಿಯ ಮಳೆ ಸುರಿಯಲಿ ಅನ್ನೋ ಹಾರೈಕೆ ಇದೆ. ಆಕಾಶದಿಂದ ಕಾಫಿ ಬೀಳೋದು ಅಸಾಧ್ಯ, ಹಾಗಾಗಿ ದೂರದ ರೂಪ ಬರಬೇಕಿತ್ತು ಅನ್ನಿಸುತ್ತೆ. ಅಲ್ಲಿರೋದು ಹತ್ತಿರದ ರೂಪ, ‘ಯುಯೆವಾ’, ‘ಸುರಿಯಲಿ’. ಅದು ಹೊಲದಲ್ಲಿ ದುಡಿಯುವವರ ಬೆಳೆಯ ಆಸೆ. ಅದನ್ನ ‘ಆಗಲ್ಲ, ಆಗಿದ್ದಿದ್ರೆ’ ಅಂತ ಹೇಳಿದ್ದರೆ ಹಾಡು ಹಾರೈಕೆಯಾಗಿ ಉಳಿಯುತ್ತಿರಲಿಲ್ಲ, ಗೊಣಗಾಟವಾಗುತ್ತಿತ್ತು.

ಬರ್ತಾರಾ, ಬರಲ್ವಾ?

ಇದೆಲ್ಲ ಪಂಡಿತರ ಮಾತಾಯ್ತು, ನಮಗೇನು ಪ್ರಯೋಜನ ಅಂತೀರಾ? ಸ್ಪ್ಯಾನಿಷ್ ಮಾತಾಡುವವರ ಜೊತೆ ಕೆಲಸ ಮಾಡುವವರು ಈಗ ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಮೆಕ್ಸಿಕೋದ ಸಹೋದ್ಯೋಗಿಯನ್ನ ನಿಮ್ಮ ಮದುವೆಗೆ ಕರೆದಿದ್ದೀರಿ ಅಂದುಕೊಳ್ಳಿ. ಉತ್ತರ ಬರುತ್ತೆ: ‘ಒಹಲಾ ಪುಯೆದಾ ಇರ್’. ‘ಬರೋ ಹಾಗಾಗಲಿ’. ರಜೆ, ಟಿಕೆಟ್ ನೋಡುತ್ತಿದ್ದಾರೆ. ಊಟದ ಲೆಕ್ಕದಲ್ಲಿ ಒಂದು ಎಲೆ ಇಟ್ಟುಕೊಂಡಿರಿ. ಅದೇ ‘ಒಹಲಾ ಪುದಿಯೆರಾ ಇರ್’ ಅಂತ ಬಂದರೆ ಅವರು ಬರಲ್ಲ. ‘ಬರೋಕಾಗಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು’ ಅಂತ ಮನಸ್ಸು ನೋಯಿಸದ ಹಾಗೆ ಹೇಳಿದ್ದಾರೆ. ಎರಡರಲ್ಲೂ ‘ಒಹಲಾ’ ನೋಡಿ ‘ಓ, ಬರ್ತಾರಂತೆ’ ಅಂತ ರೂಮ್ ಬುಕ್ ಮಾಡಿದರೆ ಕೆಟ್ಟಿರಿ.

ಗುರುತು ಹಿಡಿಯೋದು ಸುಲಭ. ‘ದಿಯೆರಾನ್’, ‘ತೊಕಾರಾ’, ‘ಪುದಿಯೆರಾ’, ‘ಉಬಿಯೆರಾನ್’. ಎಲ್ಲದರ ಬಾಲದಲ್ಲೂ ‘ರಾ’ ಇದೆ. ಕ್ರಿಯಾಪದ ‘ರಾ’ದಲ್ಲಿ ಮುಗಿದರೆ ಆಸೆ ದೂರದ್ದು. ಇದು ನೂರಕ್ಕೆ ನೂರು ನಡೆಯುವ ಉಪಾಯ ಅಲ್ಲ. ‘ಒಹಲಾ ದಿಯೋಸ್ ಕಿಯೆರಾ’ದಲ್ಲಿ ‘ರಾ’ ಬಂದಿರೋದು ಮೂಲ ಪದದಲ್ಲೇ ‘ರ’ ಇರೋದರಿಂದ. ಸ್ಪೇನಿನವರು ಕೆಲವೊಮ್ಮೆ ‘ರಾ’ ಬದಲು ‘ಸೆ’ ಕೂಡ ಹಾಕುತ್ತಾರೆ. ಆದರೂ ಚಾಟ್ ಮೆಸೇಜಿಗೆ ಇಷ್ಟು ಸಾಕು.

ಇನ್ನೊಂದು ಸೂಕ್ಷ್ಮ. ‘ಸೋಮವಾರ ಫೈಲ್ ಕಳಿಸ್ತೀನಿ, ದೇವರ ದಯೆ ಇದ್ರೆ’ ಅನ್ನೋಕೆ ಸ್ಪ್ಯಾನಿಷ್‌ನಲ್ಲಿ ‘ಸಿ ದಿಯೋಸ್ ಕಿಯೆರೆ’ ಅನ್ನೋ ಬೇರೆ ಮಾತಿದೆ. ಇನ್ಶಾ ಅಲ್ಲಾದ ನಿಜವಾದ ಜೊತೆಗಾರ ಅದು. ಅಲ್ಲಿ ಕೆಲಸ ಮಾಡೋದು ಹೇಳುವವರು, ದೇವರ ಒಪ್ಪಿಗೆ ಇದ್ದರೆ ಆಯ್ತು. ಅದೇ ಜಾಗದಲ್ಲಿ ‘ಒಹಲಾ’ ಕೇಳಿಸಿದರೆ ವಿಷಯ ಬೇರೆ. ‘ಸೋಮವಾರ ಮುಗಿಯುತ್ತಾ?’ ಅಂದದ್ದಕ್ಕೆ ಬರೀ ‘ಒಹಲಾ’ ಅಂತ ಉತ್ತರ ಬಂದರೆ ಅದು ಮಾತು ಕೊಟ್ಟ ಹಾಗಲ್ಲ. ಅವರೂ ನಿಮ್ಮ ಜೊತೆ ಕೂತು ಆಸೆಪಡುತ್ತಿದ್ದಾರೆ, ಅಷ್ಟೇ. ನಮ್ಮ ‘ಆದ್ರೆ ಒಳ್ಳೇದಿತ್ತು’ ಅನ್ನೋ ಹಾಗೆ.

ಮುಂದಿನ ಸಲ ಯಾರಾದರೂ ‘ಒಹಲಾ ಅಂದ್ರೆ ಇನ್ಶಾ ಅಲ್ಲಾ ತಾನೇ?’ ಅಂತ ಕೇಳಿದರೆ ‘ಹತ್ತಿರ ಬಂದ್ರಿ, ಮೊದಲ ಪದ ಮಾತ್ರ ಬೇರೆ’ ಅನ್ನಿ. ಒಂದು ‘ರೆ’ ಯೋಜನೆಯದು, ಇನ್ನೊಂದು ‘ರೆ’ ಆಸೆಯದು. ಸ್ಪೇನಿನವರು ಅರಬಿಯಿಂದ ಎತ್ತಿಕೊಂಡು ‘ಒಹಲಾ’ ಮಾಡಿದ್ದು ಎರಡನೆಯದನ್ನ.